ಅರ್ಧ ಬಾಟಲಿ ಸೋಡಾ ಬೆಳಗಾಗುವಷ್ಟರಲ್ಲಿ ಸಪ್ಪೆಯಾಗುವುದೇಕೆ?

ಪ್ರಶ್ನೆ: ಭಾನುವಾರ ಮನೆಗೆ ನೆಂಟರು ಬಂದಾಗ ಎರಡು ಲೀಟರಿನ ಕೂಲ್ ಡ್ರಿಂಕ್ ಬಾಟಲಿ ತರ್ತೀವಿ. ಅರ್ಧ ಉಳಿಯುತ್ತೆ. ಬಾಟಲಿಯನ್ನ ಹಿಂಡಿ ಒಳಗಿನ ಗಾಳಿ ಎಲ್ಲ ತೆಗೆದು ಬಿಗಿಯಾಗಿ ಮುಚ್ಚಿಟ್ರೆ ಗ್ಯಾಸ್ ಹೋಗಲ್ಲ ಅಂತ ನಮ್ಮತ್ತೆ ಹೇಳ್ತಾರೆ. ಹಾಗೇ ಮಾಡ್ತೀನಿ, ಆದ್ರೂ ಮಾರನೇ ದಿನ ಸಪ್ಪೆ. ಇನ್ನೊಂದು, ಅಂಗಡಿಯಿಂದ ತಂದ ತಕ್ಷಣ ತೆಗೆದ್ರೆ ಉಕ್ಕಿ ಟೇಬಲ್ ಎಲ್ಲಾ ಅಂಟಂಟಾಗುತ್ತೆ, ಫ್ರಿಜ್‌ನಲ್ಲಿಟ್ಟು ತೆಗೆದ್ರೆ ಸುಮ್ಮನಿರುತ್ತೆ. ಎರಡಕ್ಕೂ ಏನಾದ್ರೂ ಸಂಬಂಧ ಇದೆಯಾ ಸರ್? (ಓದುಗರೊಬ್ಬರು, ವಿಜಯನಗರ, ಬೆಂಗಳೂರು)

ಉತ್ತರ: ಸಂಬಂಧ ಇದೆ ಅಮ್ಮಾ. ಆದರೆ ನಿಮ್ಮತ್ತೆಯವರ ಉಪಾಯದಿಂದಲೇ ಶುರು ಮಾಡೋಣ, ಯಾಕೆಂದರೆ ಅದು ಸರಿಯೋ ತಪ್ಪೋ ಎಂದು ಹೇಳುವ ಸಾಕ್ಷಿ ನಿಮ್ಮ ಫ್ರಿಜ್‌ನಲ್ಲೇ ಇದೆ. ರಾತ್ರಿ ಬಾಟಲಿಯನ್ನು ಸೊಟ್ಟಗಾಗುವಂತೆ ಹಿಂಡಿ, ಪಾನೀಯ ಕತ್ತಿನವರೆಗೆ ಏರಿದ ಮೇಲೆ ಮುಚ್ಚಿಟ್ಟಿರಿ. ಬೆಳಿಗ್ಗೆ ಬಾಗಿಲು ತೆಗೆದು ನೋಡಿ. ಬಾಟಲಿ ಮತ್ತೆ ಗುಂಡಗಾಗಿರುತ್ತದೆ, ಸೊಟ್ಟವೆಲ್ಲ ಹೋಗಿರುತ್ತದೆ, ಮುಟ್ಟಿದರೆ ಒಂದಿಷ್ಟು ಬಿಗುವೂ ಇರುತ್ತದೆ. ಹೊರಗಿನಿಂದ ಗಾಳಿ ಬಂದಿಲ್ಲ, ಮುಚ್ಚಳ ಗಟ್ಟಿಯಾಗಿಯೇ ಇದೆ. ಹಾಗಾದರೆ ಒಳಗಿನಿಂದ ಅದನ್ನು ಉಬ್ಬಿಸಿದ್ದು ಯಾರು? ರಾತ್ರಿಯವರೆಗೆ ಪಾನೀಯದೊಳಗೆ ಕರಗಿ ಕೂತಿದ್ದ ಗ್ಯಾಸೇ. ನೀವು ಉಳಿಸಬೇಕೆಂದುಕೊಂಡದ್ದು ಹೊರಗೆ ಬಂದು ಬಾಟಲಿಯನ್ನು ನೆಟ್ಟಗೆ ಮಾಡಿದೆ.

ಇದು ಹೇಗಾಯಿತೆಂದು ತಿಳಿಯಲು ಸೀಲ್ ಒಡೆಯದ ಬಾಟಲಿಯ ಒಳಗೆ ಒಮ್ಮೆ ಇಣುಕಬೇಕು.

ಕೂಲ್ ಡ್ರಿಂಕ್‌ನಲ್ಲಿರುವ ಗ್ಯಾಸು ಇಂಗಾಲದ ಡೈಆಕ್ಸೈಡ್. ಖಾರವಾಗಿ ಚುರುಗುಟ್ಟುವ ಪಾನೀಯಗಳಲ್ಲಿ ಲೀಟರಿಗೆ ಸುಮಾರು 7 ಗ್ರಾಂ ಇರುತ್ತದೆ. 7 ಗ್ರಾಂ ಎಂದರೆ ಚಿಟಿಕೆಯಷ್ಟು ಎನಿಸಬಹುದು. ಆದರೆ ಅಷ್ಟನ್ನೂ ಹೊರಗೆ ಬಿಟ್ಟು ಅಳೆದರೆ ಮೂರೂವರೆ ಲೀಟರಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಒಂದು ಲೀಟರ್ ನೀರಿನೊಳಗೆ ಮೂರೂವರೆ ಲೀಟರ್ ಗ್ಯಾಸು ಅಡಗಿದೆ ಎಂದಾಯಿತು. ಪಾನೀಯದ ಮೇಲೆ, ಕತ್ತಿನ ಭಾಗದಲ್ಲಿ, ನಾಲ್ಕು ಬೆರಳಷ್ಟು ಖಾಲಿ ಜಾಗ ಇರುತ್ತದಲ್ಲ, ಅಲ್ಲಿಯೂ ಇದೇ ಗ್ಯಾಸು ಒತ್ತಿಕೊಂಡು ತುಂಬಿರುತ್ತದೆ.

ಈ ಎರಡು ಕಡೆಗಳ ನಡುವೆ ಓಡಾಟ ನಿಲ್ಲುವುದೇ ಇಲ್ಲ. ಕರಗಿರುವ ಕಣಗಳು ನೀರಿನ ಮೇಲ್ಮೈಗೆ ಬಂದು ಮೇಲಕ್ಕೆ ಹಾರುತ್ತವೆ, ಮೇಲಿರುವವು ನೀರಿಗೆ ಬಡಿದು ಒಳಗೆ ಸೇರುತ್ತವೆ. ಮೆಜೆಸ್ಟಿಕ್ ಬಸ್ ನಿಲ್ದಾಣದ ಗೇಟಿನ ಹಾಗೆ ಒಳಗೆ ಬರುವವರೂ ಇದ್ದಾರೆ, ಹೊರಗೆ ಹೋಗುವವರೂ ಇದ್ದಾರೆ, ಎರಡೂ ಸಮವಾಗಿದ್ದಾಗ ಒಳಗಿನ ಜನಸಂಖ್ಯೆ ಬದಲಾಗುವುದಿಲ್ಲ. ಮೇಲೆ ಗ್ಯಾಸು ಎಷ್ಟು ಒತ್ತಾಗಿದೆಯೋ ಅಷ್ಟು ಹೆಚ್ಚು ಕಣಗಳು ಪ್ರತಿ ಕ್ಷಣ ನೀರಿಗೆ ಬಡಿಯುತ್ತವೆ, ಆದ್ದರಿಂದ ಅಷ್ಟೇ ಹೆಚ್ಚು ಕರಗಿ ನಿಲ್ಲುತ್ತವೆ. ಒತ್ತಡ ಎರಡು ಪಟ್ಟಾದರೆ ಕರಗುವುದೂ ಎರಡು ಪಟ್ಟು. ಇದನ್ನು ಅಳೆದು 1803ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ವಿಲಿಯಂ ಹೆನ್ರಿ. ಪಿಯುಸಿ ಪುಸ್ತಕದಲ್ಲಿ ಹೆನ್ರಿಯ ನಿಯಮ ಎಂದು ಓದಿರುತ್ತೀರಿ.

ಇಲ್ಲಿಗೆ ಒತ್ತಡದ ಮಾತಾಯಿತು. ನಿಮ್ಮ ಟೇಬಲ್ ಅಂಟಾದದ್ದಕ್ಕೆ ಮುಖ್ಯ ಕಾರಣ ಮಾತ್ರ ಬಿಸಿ.

ಸಕ್ಕರೆ ಬಿಸಿ ನೀರಿನಲ್ಲಿ ಬೇಗ ಕರಗುವುದನ್ನು ನೋಡಿ ಬೆಳೆದ ನಮಗೆ, ಬಿಸಿಯಾದಷ್ಟೂ ಎಲ್ಲವೂ ಹೆಚ್ಚು ಕರಗುತ್ತದೆ ಎಂಬ ಭಾವನೆ ಇರುತ್ತದೆ. ಗ್ಯಾಸಿನ ವಿಷಯದಲ್ಲಿ ಅದು ತಲೆಕೆಳಗು. ಕರಗಿದ ಗ್ಯಾಸಿನ ಕಣವನ್ನು ನೀರಿನ ಕಣಗಳು ಹಿಡಿದಿಟ್ಟುಕೊಳ್ಳುವ ಬಿಗಿತ ತೀರಾ ಸಡಿಲ. ಬಿಸಿಯಾದರೆ ಗ್ಯಾಸಿನ ಕಣಗಳ ಕುಣಿತ ಹೆಚ್ಚಿ, ಆ ಹಿಡಿತ ಬಿಡಿಸಿಕೊಂಡು ಮೇಲೆ ಹಾರುವವರ ಸಂಖ್ಯೆ ಏರುತ್ತದೆ. ಕಾಫಿಗೆ ನೀರಿಟ್ಟಾಗ ಕುದಿ ಬರುವುದಕ್ಕೆ ಎಷ್ಟೋ ಮೊದಲೇ ಪಾತ್ರೆಯ ತಳದಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಅಂಟಿಕೊಳ್ಳುವುದನ್ನು ನೋಡಿದ್ದೀರಲ್ಲ, ಅದು ಆವಿಯಲ್ಲ. ನಲ್ಲಿ ನೀರಿನಲ್ಲಿ ಕರಗಿದ್ದ ಗಾಳಿ ಬಿಸಿ ತಾಳದೆ ಹೊರಗೆ ಬರುತ್ತಿರುವುದು.

ಇಂಗಾಲದ ಡೈಆಕ್ಸೈಡ್‌ಗೆ ಲೆಕ್ಕ ಹೀಗೆ. ಅದರ ಒತ್ತಡ ಒಂದು ಅಟ್ಮಾಸ್ಫಿಯರ್ ಇದ್ದಾಗ, ಅಂದರೆ ಸಮುದ್ರಮಟ್ಟದ ಗಾಳಿಯಷ್ಟು ಇದ್ದಾಗ, 5 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 2.8 ಗ್ರಾಂ ಕರಗಿಸಿಕೊಳ್ಳುತ್ತದೆ. 30 ಡಿಗ್ರಿಯಲ್ಲಿ 1.3 ಗ್ರಾಂ ಮಾತ್ರ, ಅರ್ಧಕ್ಕಿಂತ ಕಡಿಮೆ. ಸಕ್ಕರೆ ಹಾಕಿದ ಪಾನೀಯದಲ್ಲಿ ಸ್ವಲ್ಪ ತಗ್ಗುತ್ತದೆ, ಅದನ್ನು ಬಿಟ್ಟುಬಿಡೋಣ. ಈ ಎರಡು ಅಂಕಿ ನೆನಪಿರಲಿ, ಮುಂದೆ ಬೇಕಾಗುತ್ತವೆ.

ಈಗ ಸೀಲ್ ಒಡೆಯದ ಬಾಟಲಿಯಲ್ಲಿ ಲೀಟರಿಗೆ 7 ಗ್ರಾಂ ಇದೆ, ಅದು ಎಲ್ಲಿಗೂ ಹೋಗುವಂತಿಲ್ಲ. ಫ್ರಿಜ್‌ನಲ್ಲಿ ಅಷ್ಟನ್ನು ನೀರಿನಲ್ಲಿ ಹಿಡಿದಿಡಲು 7 ಭಾಗಿಸು 2.8, ಅಂದರೆ ಎರಡೂವರೆ ಅಟ್ಮಾಸ್ಫಿಯರ್ ಒತ್ತಡ ಸಾಕು. ಅದೇ ಬಾಟಲಿ ಏಪ್ರಿಲ್ ತಿಂಗಳಲ್ಲಿ ಅಂಗಡಿಯ ಮುಂದೆ ಕ್ರೇಟಿನಲ್ಲಿ 30 ಡಿಗ್ರಿಯಲ್ಲಿ ಕೂತಿದ್ದರೆ ಒಳಗಿನ ಒತ್ತಡ ಐದು ಅಟ್ಮಾಸ್ಫಿಯರ್ ದಾಟುತ್ತದೆ. ಹೊರಗಿನ ಗಾಳಿಯದನ್ನು ಕಳೆದರೆ ನಾಲ್ಕಕ್ಕಿಂತ ಹೆಚ್ಚು, ಅಂದರೆ ನಿಮ್ಮ ಕಾರಿನ ಟೈರಿಗೆ ಪೆಟ್ರೋಲ್ ಬಂಕಿನಲ್ಲಿ ತುಂಬಿಸುವ ಗಾಳಿಯ ಒತ್ತಡಕ್ಕಿಂತ ಸುಮಾರು ಎರಡು ಪಟ್ಟು. ಇಷ್ಟು ತೆಳ್ಳನೆಯ ಪ್ಲಾಸ್ಟಿಕ್ಕು ಅದನ್ನು ತಡೆಯುತ್ತದೆ. ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿ, ತಳದಲ್ಲಿ ಹೂವಿನ ಎಸಳಿನಂತೆ ಐದು ಕಾಲುಗಳಿರುತ್ತವೆ. ನೀರಿನ ಬಾಟಲಿಗೆ ಅವಿಲ್ಲ, ಅದರ ತಳ ಚಪ್ಪಟೆ. ಸೋಡಾ ಬಾಟಲಿಗೆ ಚಪ್ಪಟೆ ತಳ ಕೊಟ್ಟರೆ ಒತ್ತಡಕ್ಕೆ ಅದು ಹೊರಗೆ ಉಬ್ಬಿ ಬಾಟಲಿ ನಿಲ್ಲದೆ ಉರುಳುತ್ತದೆ. ಅದಕ್ಕೇ ತಳವನ್ನು ಮೂಲತಃ ಅರ್ಧ ಚೆಂಡಿನ ಆಕಾರದಲ್ಲಿ ಮಾಡಿ, ನಿಲ್ಲಲು ಐದು ಪಾದ ಕೂಡಿಸಿರುತ್ತಾರೆ.

ನಾನೂ ಒಮ್ಮೆ ಈ ಲೆಕ್ಕವನ್ನು ಬಟ್ಟೆ ಮೇಲೆ ಅನುಭವಿಸಿದ್ದೇನೆ. ರಸಾಯನಶಾಸ್ತ್ರ ಪಾಠ ಮಾಡಿಕೊಂಡೇ ಇದ್ದವನು, ಮಲ್ಲೇಶ್ವರದಲ್ಲಿ ಒಂದು ಮದುವೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಬಾಟಲಿ ಬಿಟ್ಟು ಮಧ್ಯಾಹ್ನದವರೆಗೆ ಬಿಸಿಲಿನಲ್ಲಿ ನಿಲ್ಲಿಸಿದ್ದೆ. ಊಟ ಮುಗಿಸಿ ಬಂದು ಬಾಯಾರಿಕೆಗೆ ಮುಚ್ಚಳ ತಿರುಗಿಸಿದೆ. ಬಿಸಿಲಿಗೆ ನಿಂತ ಕಾರಿನೊಳಗೆ 50 ಡಿಗ್ರಿ ಏನೂ ದೊಡ್ಡದಲ್ಲ, ಆಗ ಬಾಟಲಿಯೊಳಗೆ ಎಂಟು ಅಟ್ಮಾಸ್ಫಿಯರ್ ಹತ್ತಿರ ಇರುತ್ತದೆ. ಜರಿ ಪಂಚೆಗೆ ಆ ಕಂದು ಕಲೆ ಇವತ್ತಿಗೂ ಇದೆ.

ಮುಚ್ಚಳ ತಿರುಗಿಸಿದ ಕ್ಷಣ ಏನಾಗುತ್ತದೆಂದು ಹತ್ತಿರದಿಂದ ನೋಡೋಣ. ಮೊದಲು "ಟಸ್" ಎನ್ನುತ್ತದೆ. ಅದು ಕತ್ತಿನ ಖಾಲಿ ಜಾಗದಲ್ಲಿ ಒತ್ತಿಕೊಂಡಿದ್ದ ಗ್ಯಾಸು ಮಾತ್ರ, ಕರಗಿರುವುದಲ್ಲ. ಅದೇ ಹೊತ್ತಿಗೆ ಬಾಟಲಿಯ ಕತ್ತಿನಲ್ಲಿ ಹೊಗೆಯಂಥ ಬಿಳಿ ಮಂಜು ಒಂದೆರಡು ಸೆಕೆಂಡ್ ಕಾಣಿಸುತ್ತದೆ. ಒತ್ತಡದಲ್ಲಿದ್ದ ಗ್ಯಾಸು ಥಟ್ಟನೆ ಹಿಗ್ಗಿದಾಗ ತಣ್ಣಗಾಗುತ್ತದೆ, ಅಲ್ಲಿದ್ದ ನೀರಾವಿ ಸಣ್ಣ ಹನಿಗಳಾಗುತ್ತದೆ. ಅಷ್ಟೇ ಆ ಮಂಜು.

ಈಗ ಪಾನೀಯದ ಮೇಲಿನ ಒತ್ತಡ ಬಿದ್ದಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಹತ್ತನೇ ಒಂದು ಪಾಲು ಕಡಿಮೆ, 0.9 ಅಟ್ಮಾಸ್ಫಿಯರ್ ಎನ್ನಿ. (ಅದರಿಂದ ಇಲ್ಲಿ ಸೋಡಾ ತುಸು ಹೆಚ್ಚು ಉಕ್ಕಬೇಕು. ಲೆಕ್ಕಕ್ಕೆ ನಿಜ, ನಾಲಿಗೆಗೆ ಗೊತ್ತಾಗುವಷ್ಟಲ್ಲ.) ಈ ಒತ್ತಡದಲ್ಲಿ ಪಾನೀಯದೊಳಗೆ ಒಂದು ಗುಳ್ಳೆ ಬದುಕಬೇಕಾದರೆ ಅದರೊಳಗಿನ ಗ್ಯಾಸು ಹೊರಗಿನ ಗಾಳಿಯನ್ನು ತಳ್ಳಿ ಹಿಗ್ಗುವಷ್ಟು ಬಲವಾಗಿರಬೇಕು. 5 ಡಿಗ್ರಿಯಲ್ಲಿ ಲೀಟರಿಗೆ 2.5 ಗ್ರಾಂಗಿಂತ ಹೆಚ್ಚು ಕರಗಿದ್ದರೆ ಆ ಬಲ ಬರುತ್ತದೆ, 30 ಡಿಗ್ರಿಯಲ್ಲಿ 1.2 ಗ್ರಾಂ ಮೀರಿದರೆ ಸಾಕು. ಕರಗಿರುವುದು 7 ಗ್ರಾಂ. ಅಂದರೆ ಫ್ರಿಜ್‌ನ ಬಾಟಲಿಯಲ್ಲಿ ಇರಬೇಕಾದ್ದಕ್ಕಿಂತ ಮೂರು ಪಟ್ಟಿನ ಹತ್ತಿರ ಇದೆ, ಹೊರಗಿನದರಲ್ಲಿ ಆರು ಪಟ್ಟಿನ ಹತ್ತಿರ.

ಇಷ್ಟಿದ್ದರೂ ಒಂದೇ ಸಲಕ್ಕೆ ಎಲ್ಲ ಯಾಕೆ ಹೊರಗೆ ಬರುವುದಿಲ್ಲ? ಯಾಕೆಂದರೆ ನೀರಿನ ನಡುವೆ ಸುಮ್ಮನೆ ಗುಳ್ಳೆ ಹುಟ್ಟುವುದಿಲ್ಲ. ನೀರಿನ ಮೇಲ್ಮೈಗೆ ಎಳೆದು ಕಟ್ಟಿದ ಚರ್ಮದಂಥ ಬಿಗಿತ ಇರುತ್ತದೆ. ಗುಳ್ಳೆ ಎಷ್ಟು ಚಿಕ್ಕದೋ ಆ ಬಿಗಿತ ಅದನ್ನು ಅಷ್ಟು ಜೋರಾಗಿ ಹಿಸುಕುತ್ತದೆ. ಹುಟ್ಟಿದ ಕೂಡಲೇ ಚಿಕ್ಕದಾಗಿಯೇ ಇರಬೇಕಲ್ಲ, ಹಾಗಾಗಿ ಹುಟ್ಟುತ್ತಲೇ ಹಿಸುಕಿಹೋಗುತ್ತದೆ. ಮೊದಲೇ ಎಲ್ಲೋ ಸಿಕ್ಕಿಕೊಂಡ ಗಾಳಿಯ ಚೂರು ಇದ್ದರೆ ಮಾತ್ರ ಗ್ಯಾಸು ಅದಕ್ಕೆ ಸೇರಿ ಸೇರಿ ಗುಳ್ಳೆ ಬೆಳೆಯುತ್ತದೆ. ಲೋಟಕ್ಕೆ ಸುರಿದಾಗ ಒಂದೇ ಜಾಗದಿಂದ ಮುತ್ತಿನ ಸರದಂತೆ ಗುಳ್ಳೆಗಳು ಏಳುತ್ತಿರುತ್ತವೆ ನೋಡಿ, ಅಲ್ಲಿ ಒರೆಸಿದ ಬಟ್ಟೆಯ ನೂಲಿನ ಎಳೆಯೋ ಸಣ್ಣ ಗೀರೋ ಇರುತ್ತದೆ. ಅದರ ಸಂದಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಗುಳ್ಳೆ ಬೆಳೆದು ಕಳಚಿ ಹೋದ ಮೇಲೂ ಒಂದು ತುಣುಕು ಅಲ್ಲೇ ಉಳಿದು ಮುಂದಿನ ಗುಳ್ಳೆಗೆ ತಾಯಿಯಾಗುತ್ತದೆ.

ತಣ್ಣಗಿನ ಬಾಟಲಿಗೂ ಬಿಸಿಯಾದದ್ದಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಫ್ರಿಜ್‌ನ ಪಾನೀಯದಲ್ಲಿ ಗುಳ್ಳೆಯಾಗಿ ಬೆಳೆಯಬೇಕಾದರೆ ಆ ಗಾಳಿ ಚೂರು ಸುಮಾರು ಒಂದು ಮೈಕ್ರಾನ್ ತ್ರಿಜ್ಯದ್ದಾದರೂ ಇರಬೇಕು, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅದಕ್ಕಿಂತ ಚಿಕ್ಕವು ಮುದುಡಿ ಕರಗಿಹೋಗುತ್ತವೆ. 30 ಡಿಗ್ರಿಯದರಲ್ಲಿ ತಳ್ಳುವ ಬಲ ಹೆಚ್ಚು, ಮೈಕ್ರಾನಿನ ಮೂರನೇ ಒಂದು ಪಾಲಿನ ಚೂರೂ ಬೆಳೆಯಬಲ್ಲದು. ಫ್ರಿಜ್‌ನಲ್ಲಿ ಮಲಗಿದ್ದ ಎಷ್ಟೋ ಸಂದುಗಳು ಬಿಸಿಯಲ್ಲಿ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಸಾವಿರಾರು ಗುಳ್ಳೆಗಳು ಒಂದೇ ಸಲ ಹಿಗ್ಗುವಾಗ ತಮ್ಮ ಮೇಲಿನ ಪಾನೀಯವನ್ನೂ ಹೊತ್ತುಕೊಂಡೇ ಏರುತ್ತವೆ. ನಿಮ್ಮ ಟೇಬಲ್ ಮೇಲೆ ಬಿದ್ದದ್ದು ಅದು.

ಅಂಗಡಿಯಿಂದ ತಂದ ತಕ್ಷಣ ಎಂದು ನೀವು ಬರೆದಿದ್ದೀರಿ. ಅದರಲ್ಲಿ ಇನ್ನೊಂದು ಕಾರಣವೂ ಸೇರಿದೆ. ಸ್ಕೂಟರಿನ ಮುಂದೆ ಚೀಲದಲ್ಲಿಟ್ಟು ನಮ್ಮೂರ ಹಂಪು, ಗುಂಡಿ ದಾಟಿಸಿ ತಂದಿರುತ್ತೀರಿ. ಅಲುಗಾಡಿಸಿದರೆ ಒಳಗಿನ ಒತ್ತಡ ಏರುತ್ತದೆ ಎಂದು ಬಹಳ ಜನ ನಂಬಿದ್ದಾರೆ, ಅದು ಸರಿಯಲ್ಲ. ಕೆಲವು ದಿನ ಸುಮ್ಮನಿದ್ದ ಬಾಟಲಿಯಲ್ಲಿ ಕರಗಿದ್ದಕ್ಕೂ ಮೇಲಿನದಕ್ಕೂ ಸಮತೋಲ ಆಗಲೇ ಆಗಿಹೋಗಿರುತ್ತದೆ, ಎಷ್ಟು ಕುಲುಕಿದರೂ ಅದು ಬದಲಾಗುವುದಿಲ್ಲ. ಕುಲುಕಿದಾಗ ಆಗುವುದು ಬೇರೆ: ಕತ್ತಿನ ಭಾಗದ ಗ್ಯಾಸು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಾಗಿ ಪಾನೀಯದ ತುಂಬ ಹರಡುತ್ತದೆ. ಗೀರು, ನೂಲು ಯಾವುದೂ ಬೇಡ, ತಾಯಿ ಗುಳ್ಳೆಗಳನ್ನು ನೀವೇ ತಳದವರೆಗೆ ಬಿತ್ತಿದಂತಾಯಿತು. ಆ ಕ್ಷಣ ಮುಚ್ಚಳ ತೆಗೆದರೆ ಅವೆಲ್ಲ ಒಟ್ಟಿಗೆ ಹಿಗ್ಗುತ್ತವೆ. ಒಂದಷ್ಟು ಹೊತ್ತು ನಿಲ್ಲಿಸಿದರೆ ದೊಡ್ಡವು ಮೇಲೇರಿ ಒಡೆಯುತ್ತವೆ, ತೀರಾ ಚಿಕ್ಕವು ಮತ್ತೆ ಕರಗುತ್ತವೆ. ಬಾಟಲಿಯ ತಲೆ ಮೇಲೆ ಬೆರಳಿನಿಂದ ತಟ್ಟುವ ಶಾಸ್ತ್ರ ಮಾಡುವವರಿಗೆ ಲಾಭವಾಗುವುದು ಹೆಚ್ಚಾಗಿ ತಟ್ಟುತ್ತಾ ಕಳೆದ ಸಮಯದಿಂದ.

ಉಪ್ಪು ಹಾಕಿದ ನಿಂಬೆ ಸೋಡಾದಲ್ಲೂ ಇದೇ ಆಟ. ಲೋಟದ ತುಂಬ ಸೋಡಾ ಸುರಿದು ಮೇಲೆ ಉಪ್ಪು ಉದುರಿಸಿದರೆ ಭುಸ್ಸೆಂದು ಉಕ್ಕಿ ಕೈಯೆಲ್ಲ ಒದ್ದೆ. ಉಪ್ಪಿನ ಹರಳುಗಳ ಸಂದುಗಳಲ್ಲಿ ಸಿಕ್ಕ ಗಾಳಿಯೇ ಅಷ್ಟೊಂದು ತಾಯಿ ಗುಳ್ಳೆ. ಕೈ ಪಳಗಿದ ಸೋಡಾ ಅಂಗಡಿಯವರು ಮೊದಲು ಲೋಟದಲ್ಲಿ ನಿಂಬೆರಸಕ್ಕೆ ಉಪ್ಪು ಹಾಕಿ ಚಮಚದಿಂದ ಕದಡಿ, ಹರಳು ಕರಗಿದ ಮೇಲೆ ಸೋಡಾ ಬಿಡುತ್ತಾರೆ. ಹಾಗೆ ಮಾಡಿದ ಲೋಟದಲ್ಲಿ ಚುರುಕು ಹೆಚ್ಚು ಉಳಿದಿರುತ್ತದೆ.

ಇನ್ನು ಉಳಿದರ್ಧ ಬಾಟಲಿಗೆ ಬರೋಣ. ಇಲ್ಲಿ ಹೆನ್ರಿಯವರ ಸ್ನೇಹಿತರು, ಅದೇ ಮ್ಯಾಂಚೆಸ್ಟರ್‌ನಲ್ಲಿದ್ದ ಜಾನ್ ಡಾಲ್ಟನ್ ನೆರವಿಗೆ ಬರುತ್ತಾರೆ. ಹಲವು ಗ್ಯಾಸುಗಳು ಬೆರೆತಿದ್ದರೆ ಪ್ರತಿಯೊಂದೂ ತಾನೊಂದೇ ಇದ್ದಂತೆ ತನ್ನ ಪಾಲಿನ ಒತ್ತಡ ಹಾಕುತ್ತದೆ ಎಂದು ಅವರು ತೋರಿಸಿದರು. ಪಾನೀಯದೊಳಗೆ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವುದು ಮೇಲಿರುವ ಇಂಗಾಲದ ಡೈಆಕ್ಸೈಡಿನ ಪಾಲು ಮಾತ್ರ. ಉಳಿದ ಗಾಳಿ ಎಷ್ಟೇ ಇರಲಿ, ಈ ಲೆಕ್ಕಕ್ಕೆ ಅದು ಇಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ಹತ್ತು ಸಾವಿರದಲ್ಲಿ ನಾಲ್ಕು ಚಿಲ್ಲರೆ. ಆದ್ದರಿಂದ ತೆರೆದಿಟ್ಟ ಲೋಟ ಕೊನೆಗೆ ಹೆಚ್ಚುಕಡಿಮೆ ಸೊನ್ನೆಗೇ ಇಳಿಯುತ್ತದೆ.

ನಿಮ್ಮ ಬಾಟಲಿಯನ್ನೇ ಲೆಕ್ಕ ಹಾಕಿ ನೋಡೋಣ. ಎರಡು ಲೀಟರಿನದು, ಒಂದು ಲೀಟರ್ ಉಳಿದಿದೆ. ಸುರಿಯುವಾಗ ಒಂದಿಷ್ಟು ಹೋಗಿ ಇನ್ನೂ 6 ಗ್ರಾಂ ಕರಗಿದೆ ಎನ್ನಿ. ಮೇಲೆ ಒಂದು ಲೀಟರ್ ಖಾಲಿ ಜಾಗ, ಅದರಲ್ಲಿ ಅಡುಗೆಮನೆಯ ಗಾಳಿ. ಮುಚ್ಚಿ ಫ್ರಿಜ್‌ನಲ್ಲಿಟ್ಟಿರಿ. ರಾತ್ರಿಯಿಡೀ ಗ್ಯಾಸು ಮೇಲಕ್ಕೆ ಹೋಗುತ್ತದೆ, ಎರಡೂ ಕಡೆ ಸಮವಾಗುವವರೆಗೆ. 5 ಡಿಗ್ರಿಯಲ್ಲಿ ಒಂದು ಅಟ್ಮಾಸ್ಫಿಯರ್‌ಗೆ ಪಾನೀಯ ಹಿಡಿಯುವುದು 2.8 ಗ್ರಾಂ, ಅಷ್ಟೇ ಒತ್ತಡದಲ್ಲಿ ಒಂದು ಲೀಟರ್ ಖಾಲಿ ಜಾಗ ಹಿಡಿಯುವುದು 1.9 ಗ್ರಾಂ. ಇರುವ 6 ಗ್ರಾಂ ಈ ಅನುಪಾತದಲ್ಲಿ ಪಾಲಾಗುತ್ತದೆ: ಪಾನೀಯದಲ್ಲಿ ಸುಮಾರು 3.6 ಗ್ರಾಂ, ಮೇಲೆ 2.4 ಗ್ರಾಂ. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ, ಒಂದು ಗುಳ್ಳೆಯೂ ಹೊರಗೆ ಸೋರದಿದ್ದರೂ, ಹತ್ತರಲ್ಲಿ ನಾಲ್ಕು ಪಾಲು ನಿಮ್ಮ ಪಾನೀಯದಿಂದ ಹೋಯಿತು. ಫ್ರಿಜ್ ಬದಲು ಟೇಬಲ್ ಮೇಲೆ 30 ಡಿಗ್ರಿಯಲ್ಲಿ ಬಿಟ್ಟಿದ್ದರೆ ಪಾಲು ಉಲ್ಟಾ, ಪಾನೀಯಕ್ಕೆ 2.5, ಖಾಲಿ ಜಾಗಕ್ಕೆ 3.5.

ಮಾರನೇ ದಿನ ಮಕ್ಕಳು ಮುಚ್ಚಳ ತೆಗೆದು ಇನ್ನರ್ಧ ಲೀಟರ್ ಸುರಿದುಕೊಂಡರು. ಮೇಲಿದ್ದ ಗ್ಯಾಸಿನಲ್ಲಿ ಬಹುಪಾಲು ಹೋಗಿ ಅಲ್ಲಿಗೆ ಹೊಸ ಗಾಳಿ ಬಂತು, ಖಾಲಿ ಜಾಗ ಒಂದೂವರೆ ಲೀಟರಾಯಿತು, ಪಾನೀಯ ಅರ್ಧ ಲೀಟರ್. ಮತ್ತೆ ಮುಚ್ಚಿದರೆ ಸಂಜೆಯ ಹೊತ್ತಿಗೆ ಅದರಲ್ಲಿ ಲೀಟರಿಗೆ ಒಂದೂಕಾಲು ಗ್ರಾಂನ ಆಸುಪಾಸು ಉಳಿಯುತ್ತದೆ. ಗುಳ್ಳೆ ಏಳಲು ಆ ತಂಪಿನಲ್ಲಿ 2.5 ಗ್ರಾಂ ಬೇಕು ಎಂದೆನಲ್ಲ, ಅದಕ್ಕಿಂತ ಕೆಳಗೆ ಬಿದ್ದಿದೆ. ಈಗ ಉಪ್ಪು ಹಾಕಿದರೂ ಅದು ನೊರೆಯುಕ್ಕುವುದಿಲ್ಲ. ನಾವು ಸಪ್ಪೆ ಎನ್ನುವುದು ಇದನ್ನೇ.

ಹಿಂಡಿ ಮುಚ್ಚಿದರೆ ಏನು ಬದಲಾಗುತ್ತದೆ? ಮುಚ್ಚುವ ಹೊತ್ತಿಗೆ ಖಾಲಿ ಜಾಗ ಇಲ್ಲ, ಸರಿಯೇ. ಆದರೆ ಆ ಪ್ಲಾಸ್ಟಿಕ್ಕು ಒತ್ತಡ ಇರುವವರೆಗೆ ಗಟ್ಟಿ, ಒಳಗೆ ಹಿಂಡಿದಾಗ ಮೆತ್ತಗೆ. ಪಾನೀಯದಿಂದ ಏಳುವ ಗ್ಯಾಸಿನ ಒತ್ತಡ ಹೊರಗಿನ ಗಾಳಿಗಿಂತ ಹೆಚ್ಚು, ಅದು ಗೋಡೆಗಳನ್ನು ಸುಲಭವಾಗಿ ತಳ್ಳಿ ತನಗೆ ಬೇಕಾದ ಒಂದು ಲೀಟರ್ ಜಾಗವನ್ನು ತಾನೇ ಮಾಡಿಕೊಳ್ಳುತ್ತದೆ. ಬಾಟಲಿ ಪೂರ್ತಿ ಗುಂಡಗಾದ ಮೇಲೆ ಉಳಿಯುವುದು ಅದೇ 3.6 ಗ್ರಾಂ. ಜೊತೆಗೆ ಸಣ್ಣ ನಷ್ಟವೂ ಇದೆ: ಹಿಂಡದ ಬಾಟಲಿಯಲ್ಲಿ ಗಾಳಿಯೂ ಇರುವುದರಿಂದ ಒಟ್ಟು ಒತ್ತಡ ಹೆಚ್ಚು, ಗುಳ್ಳೆ ಹುಟ್ಟುವುದು ಬೇಗ ನಿಲ್ಲುತ್ತದೆ, ಆಮೇಲೆ ಮೇಲ್ಮೈಯಿಂದ ನಿಧಾನವಾಗಿ ಹೋಗಬೇಕು. ಹಿಂಡಿದ್ದರಲ್ಲಿ ಆ ತಡೆ ಇಲ್ಲ, ಅಷ್ಟು ಬೇಗ ಸಪ್ಪೆ. ನಿಮ್ಮತ್ತೆಯವರಿಗೆ ಇದನ್ನು ನೀವಾಗಿ ಹೇಳುವುದಕ್ಕಿಂತ ಬೆಳಿಗ್ಗೆ ಗುಂಡಗಾದ ಬಾಟಲಿಯನ್ನು ಅವರೇ ನೋಡುವಂತೆ ಮಾಡಿದರೆ ಒಳ್ಳೆಯದು. ಬಾಟಲಿಯನ್ನು ಹಿಂಡಿದ ಹಾಗೇ ಎರಡು ಹಲಗೆಗಳ ನಡುವೆ ಬಿಗಿದಿಟ್ಟರೆ ಅವರ ಉಪಾಯ ನಿಜಕ್ಕೂ ಫಲಿಸುತ್ತದೆ, ತತ್ತ್ವದಲ್ಲಿ ತಪ್ಪಿಲ್ಲ.

ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೈಯಿಂದ ಗಾಳಿ ತುಂಬುವ ಪಂಪುಗಳೂ ಸಿಗುತ್ತವೆ. ಬಾಟಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಮಾರನೇ ದಿನ ತೆಗೆದಾಗ ಜೋರಾಗಿ "ಟಸ್" ಎನ್ನುತ್ತದೆ, ನಮಗೆ ಖುಷಿ. ಆ ಸದ್ದು ನೀವು ತುಂಬಿದ ಗಾಳಿಯದೇ. ತುಂಬಿದ್ದು ನೈಟ್ರೋಜನ್ನು, ಆಕ್ಸಿಜನ್ನು, ಅವು ಇಂಗಾಲದ ಡೈಆಕ್ಸೈಡನ್ನು ಕೆಳಗೆ ಒತ್ತಿ ಹಿಡಿಯುವುದಿಲ್ಲ. ಗುಳ್ಳೆ ಹುಟ್ಟದಂತೆ ತಡೆಯುತ್ತವೆ, ಹೀಗಾಗಿ ಒಂದೆರಡು ಗಂಟೆಯ ಮಟ್ಟಿಗೆ ಉಪಕಾರ ಆಗಬಹುದು. ಎರಡು ದಿನ ಇಟ್ಟರೆ ಕೊನೆಗೆ ತಲುಪುವುದು ಅದೇ ಅಂಕಿ.

ಲೆಕ್ಕದಲ್ಲಿ ನೋಡಿದಿರಲ್ಲ, ಶತ್ರು ಖಾಲಿ ಜಾಗ. ಆದ್ದರಿಂದ ಉಳಿದ ಒಂದು ಲೀಟರನ್ನು ಒಂದು ಲೀಟರಿನದೇ ಬಾಟಲಿಗೆ ವರ್ಗಾಯಿಸಿ. ಮೇಲೆ 50 ಮಿಲಿಲೀಟರ್ ಜಾಗ ಬಿಟ್ಟರೆ ಅದು ಹಿಡಿಯುವುದು ನೂರಕ್ಕೆ ಮೂರರಷ್ಟು ಮಾತ್ರ. ಸುರಿಯುವಾಗ ಒಂದಿಷ್ಟು ಹೋಗುವುದು ಖಂಡಿತ, ಅದನ್ನು ಕಡಿಮೆ ಮಾಡಲು ಎರಡೂ ಬಾಟಲಿ ಫ್ರಿಜ್‌ನಿಂದ ತೆಗೆದ ಹಾಗೆ ತಣ್ಣಗಿರಲಿ, ಚಿಕ್ಕದನ್ನು ಮೊದಲು ನೀರಿನಿಂದ ಒಳಗೆಲ್ಲ ತೋಯಿಸಿ ಬಗ್ಗಿಸಿಕೊಂಡು ಗೋಡೆಗೆ ತಾಗಿಸಿ ಹಾಲು ಬಗ್ಗಿಸಿದ ಹಾಗೆ ಇಳಿಸಿ. ಒಣಗಿದ ಗೋಡೆಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ತೋಯಿಸಿದರೆ ಆ ಸಂದುಗಳು ಮುಚ್ಚುತ್ತವೆ. ಬಾಟಲಿ ಮಾತ್ರ ಸೋಡಾದ್ದೇ ಆಗಿರಲಿ, ತಳದಲ್ಲಿ ಐದು ಕಾಲಿರುವಂಥದ್ದು. ನೀರಿನ ಬಾಟಲಿಯೋ ಜ್ಯಾಮಿನ ಗಾಜಿನ ಸೀಸೆಯೋ ಬೇಡವೇ ಬೇಡ. ಗಾಜು ಒತ್ತಡಕ್ಕೆ ಒಡೆದರೆ ಚೂರುಗಳು ಹಾರುತ್ತವೆ.

ಇನ್ನೂ ಸುಲಭದ್ದು, ಎರಡು ಲೀಟರಿನ ಬದಲು ಚಿಕ್ಕ ಬಾಟಲಿಗಳನ್ನೇ ತರುವುದು. ದುಡ್ಡು ಸ್ವಲ್ಪ ಹೆಚ್ಚು ಬೀಳುತ್ತದೆ. ತೀರಾ ಚಿಕ್ಕ ಪ್ಲಾಸ್ಟಿಕ್ ಬಾಟಲಿಗಳನ್ನು ತಿಂಗಳುಗಟ್ಟಲೆ ಇಡಬೇಡಿ, ಇಂಗಾಲದ ಡೈಆಕ್ಸೈಡ್ ಆ ಪ್ಲಾಸ್ಟಿಕ್ಕಿನ ಮೂಲಕವೇ ನಿಧಾನವಾಗಿ ಹೊರಗೆ ಜಿನುಗುತ್ತದೆ, ಬಾಟಲಿ ಚಿಕ್ಕದಾದಷ್ಟೂ ಒಳಗಿನದಕ್ಕೆ ಹೋಲಿಸಿದರೆ ಗೋಡೆಯ ಪಾಲು ಹೆಚ್ಚು.

ಗೋಲಿ ಸೋಡಾ ಸಿಕ್ಕುವ ಅಂಗಡಿ ನಿಮ್ಮ ಕಡೆ ಇನ್ನೂ ಇದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಆ ಬಾಟಲಿಯನ್ನು ಇಂಗ್ಲೆಂಡಿನ ಹೈರಮ್ ಕಾಡ್ ಎಂಬವರು 1870ರ ದಶಕದಲ್ಲಿ ರೂಪಿಸಿದರು. ಅದಕ್ಕೆ ಮುಚ್ಚಳವೇ ಇಲ್ಲ. ತಲೆಕೆಳಗಾಗಿ ಹಿಡಿದು ತುಂಬುತ್ತಾರೆ, ಗೋಲಿ ಬಾಯಿಗೆ ಬಂದು ಕೂರುತ್ತದೆ, ಆಮೇಲೆ ಒಳಗಿನ ಗ್ಯಾಸೇ ಅದನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಅಂದರೆ ಆ ಗೋಲಿಯನ್ನು ಒಳಗೆ ತಳ್ಳಲು ಬೇಕಾಗುವ ಬಲವೇ ಒಳಗಿನ ಒತ್ತಡದ ಅಳತೆ. ಬಾಯಿಯ ತೂತು ಒಂದು ಸೆಂಟಿಮೀಟರ್ ಅಗಲ ಇದ್ದು, ಒಳಗೆ ನಾವು ಲೆಕ್ಕ ಹಾಕಿದಷ್ಟೇ ಗ್ಯಾಸು ಇದ್ದರೆ, ಬಿಸಿಲಲ್ಲಿದ್ದ ಬಾಟಲಿಗೆ ಮೂರು ಕಿಲೋಗಿಂತ ಹೆಚ್ಚು ಭಾರ ಇಟ್ಟಷ್ಟು ಒತ್ತಬೇಕು, ಐಸಿನಲ್ಲಿ ಹೂತಿಟ್ಟದ್ದಕ್ಕೆ ಒಂದು ಒಂದೂಕಾಲು ಕಿಲೋ ಸಾಕು. ಅಂಗಡಿಯವರಿಗೆ ಹೇಳಿ ಎರಡು ತರಹದ್ದೂ ಒಂದೊಂದು ತೆಗೆದುಕೊಂಡು, ಮರದ ಒತ್ತುಗೊಟ್ಟವನ್ನು ನೀವೇ ಹಿಡಿದು ಒತ್ತಿ ನೋಡಿ. ತಣ್ಣಗಿನದನ್ನು ಮೊದಲು ತೆಗೆಯಿರಿ, ಬಿಸಿಯದನ್ನು ತೆಗೆಯುವಾಗ ಬಾಟಲಿಯನ್ನು ಸೀರೆಯಿಂದ ದೂರ ಹಿಡಿದುಕೊಳ್ಳಿ.